ಮೂವತ್ತು ಸೆಕೆಂಡಿನಲ್ಲಿ ಒಂದು ಮಧ್ಯಮ: ಕವರ್ ಹಾಡುವವರಿಗೆ ಬಹಿರಂಗ ಪತ್ರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಫೋನಿನ ಮುಂದೆ ಕೂತು ಕವರ್ ಹಾಡುವ ತಮ್ಮಂದಿರಿಗೂ ತಂಗಿಯರಿಗೂ,



ನಿಮ್ಮ ಹಾಡುಗಳನ್ನು ನಾನು ಕೇಳುತ್ತಿರುತ್ತೇನೆ. ಒಬ್ಬರು ಸೂಳೆಕೆರೆ ಏರಿಯ ಮೇಲೆ ನಿಂತು ಹಾಡಿರುತ್ತೀರಿ, ಇನ್ನೊಬ್ಬರು ಸಂತೇಬೆನ್ನೂರು ಪುಷ್ಕರಣಿಯ ಮೆಟ್ಟಿಲ ಮೇಲೆ. ಬಹಳ ಮಂದಿ ಮನೆಯ ನಡುಮನೆಯಲ್ಲೇ ಕದ ಹಾಕಿಕೊಂಡು ಹಾಡಿರುತ್ತೀರಿ. ಹಾಡಿನ ಬಗ್ಗೆ ನನ್ನ ತಕರಾರಿಲ್ಲ. ಹಾಡಿಗೆ ಮುಂಚೆ ನೀವು ಆಡುವ ಮಾತಿನ ಬಗ್ಗೆ ಇದೆ. ಈಚೆಗೆ ಎಲ್ಲರೂ ಹಾಡು ಶುರು ಮಾಡುವ ಮೊದಲು ಅರ್ಧ ನಿಮಿಷ ರಾಗದ ಪರಿಚಯ ಹೇಳುತ್ತಿದ್ದೀರಿ. ಒಳ್ಳೆಯ ಅಭ್ಯಾಸವೇ. ಆದರೆ ಆ ಅರ್ಧ ನಿಮಿಷ ಕಳೆದ ಮೇಲೂ, ಸಂಗೀತ ಕಲಿಯದವರಿಗೆ ರಾಗದ ಹೆಸರೊಂದು ಬಿಟ್ಟು ಬೇರೇನೂ ಸಿಕ್ಕಿರುವುದಿಲ್ಲ. ಎಷ್ಟೋ ಸಲ ಆ ಹೆಸರೂ ನಿಲ್ಲುವುದಿಲ್ಲ.

ನೀವು ಹೇಳುವುದು ಹೆಚ್ಚುಕಮ್ಮಿ ಹೀಗಿರುತ್ತದೆ. ಯಾರೋ ಒಬ್ಬರದಲ್ಲ, ಹಲವರ ಮಾತು ಸೇರಿಸಿ ಬರೆದಿದ್ದೇನೆ: ‘ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹಾಡ್ತಾ ಇರೋದು ವ್ಯಾಸರಾಯರ ಕೃಷ್ಣಾ ನೀ ಬೇಗನೆ ಬಾರೋ. ಇದು ಯಮುನಾಕಲ್ಯಾಣಿ ರಾಗದಲ್ಲಿದೆ. ಯಮುನಾಕಲ್ಯಾಣಿ 65ನೇ ಮೇಳಕರ್ತವಾದ ಮೇಚಕಲ್ಯಾಣಿಯ ಜನ್ಯರಾಗ. ಇದು ಸಂಜೆ ಹಾಡುವ ರಾಗ. ಭಕ್ತಿ, ಶೃಂಗಾರ, ಕರುಣ ರಸಗಳನ್ನು ಬಿಂಬಿಸುವ ಅತ್ಯಂತ ಮಧುರವಾದ ರಾಗ. ಕೇಳಿ, ಇಷ್ಟ ಆದ್ರೆ ಶೇರ್ ಮಾಡಿ.’

ಇದರಲ್ಲಿ ದೊಡ್ಡ ಸುಳ್ಳೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಅರವತ್ತೈದು ಎಂಬ ಸಂಖ್ಯೆಯನ್ನು ಕೇಳುಗ ಕಿವಿಯಿಂದ ಹಿಡಿಯಲಾರ. ಜನ್ಯರಾಗ ಅಂದರೇನು ಎಂದು ತಿಳಿಯಬೇಕಾದರೆ ಮೇಳಕರ್ತ ಅಂದರೇನು ಎಂದು ತಿಳಿದಿರಬೇಕು. ಮಧುರ ಎಂದರೆ ಯಾವ ರಾಗ ಮಧುರವಲ್ಲ? ಕೊನೆಗೆ ಉಳಿಯುವುದು ರಸಗಳ ಹೆಸರು. ಭಕ್ತಿ, ಶೃಂಗಾರ, ಕರುಣ ಮೂರನ್ನೂ ಒಟ್ಟಿಗೆ ಹೇಳಿದರೆ ಕೇಳುಗನಿಗೆ ಯಾವುದನ್ನೂ ಹೇಳಿದಂತಾಗಲಿಲ್ಲ.

ಒಂದೇ ರಸ ಹೇಳಿದರೆ ಸರಿಹೋಗುತ್ತದಲ್ಲ ಎಂದು ನೀವು ಕೇಳಬಹುದು. ಅಲ್ಲೇ ನಿಜವಾದ ತೊಡಕಿರುವುದು. ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ನುಡಿಸುವ ‘ಬಹಾರೋ ಫೂಲ್ ಬರ್ಸಾವೋ’ ನಿಮಗೆಲ್ಲ ಗೊತ್ತು. 1966ರ ‘ಸೂರಜ್’ ಚಿತ್ರದ್ದು, ಮೊಹಮ್ಮದ್ ರಫಿ ಹಾಡಿದ್ದು. ಅದು ಶಿವರಂಜನಿ ರಾಗದ ಮೇಲೆ ನಿಂತ ಹಾಡು. ನಾಲ್ಕೇ ವರ್ಷದ ನಂತರ, 1970ರ ‘ಮೇರಾ ನಾಮ್ ಜೋಕರ್’ ಚಿತ್ರದಲ್ಲಿ ಮುಕೇಶ್ ಹಾಡಿದ ‘ಜಾನೇ ಕಹಾಂ ಗಯೇ ವೋ ದಿನ್’ ಕೂಡ ಶಿವರಂಜನಿಯೇ. ಎರಡಕ್ಕೂ ಸಂಗೀತ ಕೊಟ್ಟವರು ಶಂಕರ್-ಜೈಕಿಶನ್ ಜೋಡಿ. ಒಂದನ್ನು ನುಡಿಸಿದರೆ ಗಂಡಿನ ಕಡೆಯವರು ಕುಣಿಯುತ್ತಾರೆ. ಇನ್ನೊಂದನ್ನು ಅದೇ ಮೆರವಣಿಗೆಯಲ್ಲಿ ನುಡಿಸಿದರೆ ಬ್ಯಾಂಡಿನವರಿಗೆ ಬೈಗುಳ ಗ್ಯಾರಂಟಿ. ಪುಸ್ತಕದಲ್ಲಿ ಶಿವರಂಜನಿಗೆ ಕರುಣ ರಸ ಎಂದು ಬರೆದಿರುತ್ತದೆ. ಆ ಮಾತನ್ನು ನಂಬಿ ನೀವು ‘ಇದು ದುಃಖದ ರಾಗ’ ಎಂದು ಹೇಳಿ ರಫಿಯ ಹಾಡು ಶುರು ಮಾಡಿದರೆ, ಹೊಸ ಕೇಳುಗ ತನ್ನ ಕಿವಿಯದೇ ತಪ್ಪಿರಬೇಕು ಎಂದುಕೊಳ್ಳುತ್ತಾನೆ. ಅಲ್ಲಿಗೆ ಅವನನ್ನು ಕಳೆದುಕೊಂಡಿರಿ.

ಯಾಕೆ ಹೀಗಾಗುತ್ತದೆ? ಹಾಡಿನ ಭಾವವನ್ನು ರಾಗವೊಂದೇ ತೀರ್ಮಾನಿಸುವುದಿಲ್ಲ. ನಡೆ ಚುರುಕೋ ನಿಧಾನವೋ, ಮಾತು ಏನು ಹೇಳುತ್ತದೆ, ದನಿ ಯಾವ ಎತ್ತರದಲ್ಲಿ ಓಡಾಡುತ್ತದೆ, ಯಾವ ಸ್ವರದ ಮೇಲೆ ಕೂರುತ್ತದೆ, ಇವೆಲ್ಲ ಸೇರಿದರೆ ಭಾವ. ಹಾಗಾದರೆ ರಾಗ ಏನನ್ನೂ ಕೊಡುವುದಿಲ್ಲವೇ? ಕೊಡುತ್ತದೆ, ಮತ್ತು ಕೊಡುವುದನ್ನು ಕೇಳಿಸಬಹುದು. ಹಾರ್ಮೋನಿಯಂನಲ್ಲಿ ಮೊದಲ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು ಮೋಹನದ ಐದು ಸ್ವರ ಒತ್ತಿ: ಸ ರಿ ಗ ಪ ದ. ಐದೂ ಬಿಳಿ ಮನೆಗಳೇ. ಈಗ ಗಾಂಧಾರವೊಂದನ್ನು ಎಡಗಡೆಯ ಕಪ್ಪು ಮನೆಗೆ ಇಳಿಸಿ, ಉಳಿದ ನಾಲ್ಕನ್ನು ಮುಟ್ಟಬೇಡಿ. ಶಿವರಂಜನಿಯ ಸ್ವರಗಳು ಸಿಕ್ಕವು. ಸಂಗೀತದ ಗಂಧವಿಲ್ಲದವರನ್ನು ಕೂರಿಸಿ ಇವೆರಡನ್ನೂ ಒಂದಾದ ಮೇಲೊಂದು ನುಡಿಸಿ. ‘ಏನೋ ಬದಲಾಯ್ತು’ ಎಂದು ಅವರೇ ಹೇಳುತ್ತಾರೆ. ಏನು ಬದಲಾಯ್ತು ಎನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಮಾತು ಹುಡುಕುತ್ತಾರೆ, ಹುಡುಕಲಿ. ಬದಲಾದದ್ದಂತೂ ಕೇಳಿಸಿತಲ್ಲ.

ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಮೂವತ್ತು ಸೆಕೆಂಡಿನಲ್ಲಿ ರಾಗದ ಭಾವವನ್ನು ವರ್ಣಿಸಲು ಹೋಗಬೇಡಿ. ನೀವು ಹಾಡಲಿರುವ ಆ ಹಾಡಿನಲ್ಲಿ, ಆ ರಾಗದ ಒಂದು ಸ್ವರ ಮಾಡುವ ಕೆಲಸವನ್ನು ಕೇಳಿಸಿ. ಎರಡು ಸಲ ಹಾಡಿ ತೋರಿಸಿ: ಒಂದು ಸಲ ಆ ಸ್ವರ ಇಲ್ಲದೆ, ಇನ್ನೊಂದು ಸಲ ಆ ಸ್ವರದ ಜೊತೆ. ಮಾತು ಆಮೇಲೆ ಬರಲಿ.

ಅದನ್ನು ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿನಲ್ಲೇ ಮಾಡಿ ನೋಡೋಣ. ಕನ್ನಡದ ಹಾಡುಗಳಲ್ಲಿ ಇದರಷ್ಟು ದೂರ ಹೋಗಿ ಬೇರೆಬೇರೆ ಬಾಯಲ್ಲಿ ಹಾಡಿಸಿಕೊಂಡ ಹಾಡು ಸಿಗುವುದು ಕಷ್ಟ. ತಮಿಳುನಾಡಿನ ಟಿ. ಬಾಲಸರಸ್ವತಿ ಇದಕ್ಕೆ ಅಭಿನಯ ಮಾಡಿ ಹೆಸರಾದರು. ಸತ್ಯಜಿತ್ ರಾಯ್ 1976ರಲ್ಲಿ ಅವರ ಮೇಲೆ ತೆಗೆದ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಅವರು ಕಡಲ ದಂಡೆಯ ಮೇಲೆ ಈ ಪದಕ್ಕೆ ಅಭಿನಯಿಸುವುದನ್ನು ನೋಡಬಹುದು. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ ಇದಕ್ಕೆ ಇಂಗ್ಲಿಷ್ ಸಾಲು ಬೆರೆಸಿ ಹಾಡಿದರು. ಕನ್ನಡವೇ ಬಾರದವರು ಕೂಡ ಅದರ ಪಲ್ಲವಿ ಗುನುಗಿದರು. ನಿಮ್ಮಲ್ಲಿ ಅನೇಕರು ಹಾಡುವುದು ಆ ಧಾಟಿಯ ನೆರಳಿನಲ್ಲೇ.

ಇಲ್ಲೊಂದು ಎಚ್ಚರಿಕೆ. ‘ವ್ಯಾಸರಾಯರು ಯಮುನಾಕಲ್ಯಾಣಿಯಲ್ಲಿ ರಚಿಸಿದ ಹಾಡು’ ಎಂದು ಹೇಳಬೇಡಿ. ವ್ಯಾಸರಾಯರು ತೀರಿಕೊಂಡದ್ದು 1539ರಲ್ಲಿ. ಅವರು ಈ ಪದವನ್ನು ಯಾವ ಧಾಟಿಯಲ್ಲಿ ಹಾಡಿದರು ಎನ್ನುವುದಕ್ಕೆ ಅವರ ಕಾಲದ ಸ್ವರಲಿಪಿ ಉಳಿದು ಬಂದಿಲ್ಲ. ಸಾಹಿತ್ಯ ವ್ಯಾಸರಾಯರದು, ನಾವು ಹಾಡುತ್ತಿರುವುದು ಯಮುನಾಕಲ್ಯಾಣಿಯಲ್ಲಿ, ಮಿಶ್ರಛಾಪು ತಾಳದಲ್ಲಿ. ಅಷ್ಟು ಹೇಳಿದರೆ ತಪ್ಪಾಗುವುದಿಲ್ಲ. ಅರ್ಧ ನಿಮಿಷದಲ್ಲಿ ತಾಳದ ಮಾತೂ ಬೇಡ.

ಈಗ ರಾಗದ ಒಳಕ್ಕೆ ಬನ್ನಿ. ಕಲ್ಯಾಣಿಯ ಮಧ್ಯಮ ಎತ್ತರದ್ದು. ಕರ್ನಾಟಕ ಸಂಗೀತದವರು ಅದನ್ನು ಪ್ರತಿಮಧ್ಯಮ ಎನ್ನುತ್ತಾರೆ, ಗದಗಿನ ಪುಣ್ಯಾಶ್ರಮದ ಕಡೆಯಿಂದ ಕಲಿತು ಬಂದವರು ತೀವ್ರ ಮಧ್ಯಮ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಎರಡೂ ಮಾತು ಓಡಾಡುತ್ತವೆ. ನಾನು ತೀವ್ರ ಮ ಎಂದೇ ಕರೆಯುತ್ತೇನೆ. ಮೊದಲ ಬಿಳಿ ಮನೆ ಷಡ್ಜವಾದರೆ, ನಾಲ್ಕನೇ ಬಿಳಿ ಮನೆ ಶುದ್ಧ ಮ. ಅದರ ಬಲಕ್ಕಿರುವ ಕಪ್ಪು ಮನೆ ತೀವ್ರ ಮ. ಕಲ್ಯಾಣಿಯಲ್ಲಿ ಶುದ್ಧ ಮ ಕ್ಕೆ ಜಾಗವೇ ಇಲ್ಲ. ಯಮುನಾಕಲ್ಯಾಣಿಯಲ್ಲಿ ತೀವ್ರ ಮ ವೇ ಮನೆಯೊಡೆಯ, ಆದರೆ ಅಪರೂಪಕ್ಕೆ ಗಾಂಧಾರದ ಮಗ್ಗುಲಲ್ಲಿ ಶುದ್ಧ ಮ ಒಂದು ಚೂರು ಹಣಕಿ ಹೋಗುತ್ತದೆ. ಹಿಂದೂಸ್ತಾನಿಯವರ ಯಮನ್ ಕಲ್ಯಾಣ್‌ನಲ್ಲೂ ಹಾಗೆಯೇ: ಎರಡು ಗಾಂಧಾರಗಳ ನಡುವೆ, ಇಳಿಯುವಾಗ, ಗ ಮ ಗ ರಿ ಸ ಎಂದು. ಈ ರಾಗ ಗೊತ್ತಿರುವವರು ಕಾಯುತ್ತ ಕೂರುವುದು ಆ ಚೂರಿಗೇ. ಹೊಸಬರಿಗೆ ಕೊಡಬೇಕಾದದ್ದೂ ಅದನ್ನೇ, ಬೇರೆಲ್ಲವನ್ನೂ ಬಿಟ್ಟು.

ಸಮಯದ ಲೆಕ್ಕ ಹಾಕಿಕೊಳ್ಳಿ. ಅವಸರವಿಲ್ಲದೆ ಕನ್ನಡ ಮಾತಾಡಿದರೆ ಸೆಕೆಂಡಿಗೆ ಸುಮಾರು ಎರಡು ಪದ. ಮೂವತ್ತು ಸೆಕೆಂಡಿಗೆ ಅರವತ್ತು ಪದ ಆಯಿತು ಎಂದು ಹಿಗ್ಗಬೇಡಿ. ಶ್ರುತಿ ಕೇಳಿಸಲು ಎರಡು ಸೆಕೆಂಡು ಬೇಕು. ಎರಡು ಸಲ ಹಾಡಿ ತೋರಿಸಲು ನಾಲ್ಕು ನಾಲ್ಕು ಸೆಕೆಂಡು. ನಡುವೆ ಉಸಿರಿಗೆ ಒಂದೆರಡು. ಮಾತಿಗೆ ಉಳಿಯುವುದು ಹದಿನೆಂಟು ಸೆಕೆಂಡು, ಅಂದರೆ ಮೂವತ್ತೈದು ಚಿಲ್ಲರೆ ಪದ. ನಮಸ್ಕಾರ, ಹೆಸರು, ಊರು, ಶೇರ್ ಮಾಡಿ ಎನ್ನುವುದಕ್ಕೇ ಅದರಲ್ಲಿ ಅರ್ಧ ಹೋದರೆ ರಾಗಕ್ಕೆ ಏನುಳಿಯಿತು? ನಿಮ್ಮ ಹೆಸರೂ ಊರೂ ಹೇಗೂ ಕೆಳಗೆ ಬರಹದಲ್ಲಿ ಇರುತ್ತವೆ.

ನಾನು ಬರೆದ ಪಠ್ಯ ಹೀಗಿದೆ. ಆವರಣದಲ್ಲಿರುವುದು ಹಾಡುವ ಭಾಗ.

(ತಂಬೂರಿ, 2 ಸೆಕೆಂಡು.)

‘ಈ ಹಾಡಿನಲ್ಲಿ ಪುಟ್ಟ ಕೃಷ್ಣನನ್ನು ಕರೀತಾರೆ. ಕರೆಯೋದರಲ್ಲಿ ಎರಡು ಥರ ಇದೆ. ಒಂದು, ಹೀಗೆ…’

(ಗ ಮ ಗ ರಿ ಸ, ತೀವ್ರ ಮ ಇಟ್ಟು, ಆಕಾರದಲ್ಲಿ, 4 ಸೆಕೆಂಡು.)

‘ಸ್ವಲ್ಪ ಗತ್ತು, ಸ್ವಲ್ಪ ದೂರ. ಇನ್ನೊಂದು, ಹೀಗೆ…’

(ಅದೇ ಗ ಮ ಗ ರಿ ಸ, ಶುದ್ಧ ಮ ಇಟ್ಟು, 4 ಸೆಕೆಂಡು.)

‘ಮಧ್ಯದ ಒಂದೇ ಸ್ವರ ಒಂದು ಮನೆ ಕೆಳಗೆ ಬಂತು, ದನಿ ಮೆತ್ತಗಾಯ್ತು. ರಾಗದ ಹೆಸರು ಯಮುನಾಕಲ್ಯಾಣಿ. ಹಾಡಿನಲ್ಲಿ ಈ ಮೆತ್ತನೆ ಸ್ವರ ಎಲ್ಲೆಲ್ಲಿ ಬರುತ್ತೆ, ಕಿವಿಗೊಟ್ಟು ಕೇಳಿ.’

ಮೂವತ್ತೇಳು ಪದ. ಉಸಿರು ಬಿಗಿ ಹಿಡಿಯದೆ ಮೂವತ್ತು ಸೆಕೆಂಡಿನೊಳಗೆ ಮುಗಿಯುತ್ತದೆ.

ಇದರಲ್ಲಿ ನಾಲ್ಕಾರು ಕಡೆ ಬೇಕೆಂದೇ ಮಾಡಿದ್ದಿದೆ, ಹೇಳುತ್ತೇನೆ. ಎರಡೂ ಸಲ ಹಾಡುವುದು ಒಂದೇ ಸಂಚಾರ. ಇಲ್ಲಿ ನಿಮಗೆ ಆಸೆ ಹುಟ್ಟುತ್ತದೆ. ಮೊದಲನೆಯದಕ್ಕೆ ಕಲ್ಯಾಣಿಯ ಒಂದು ಚಂದದ ಏರಿಕೆ, ಎರಡನೆಯದಕ್ಕೆ ಇನ್ನೊಂದು ಚಂದದ ಇಳಿಕೆ ಹಾಡೋಣ ಎನಿಸುತ್ತದೆ. ಹಾಗೆ ಮಾಡಿದರೆ ಕೇಳುಗನಿಗೆ ಎರಡು ಬೇರೆ ಧಾಟಿ ಕೇಳಿಸುತ್ತವೆಯೇ ಹೊರತು ಸ್ವರದ ವ್ಯತ್ಯಾಸ ಕೇಳಿಸುವುದಿಲ್ಲ. ಬದಲಾಗುವುದು ಒಂದೇ ಇರಬೇಕು. ಅದೇ ಕಾಲ, ಅದೇ ಜೋರು, ಅದೇ ‘ಆ’. ಎರಡನೇ ಸಲ ನೀವು ದನಿಯನ್ನೂ ತಗ್ಗಿಸಿ ಹಾಡಿದರೆ ಮೆತ್ತಗಾದದ್ದು ಮಧ್ಯಮದಿಂದಲೋ ನಿಮ್ಮ ಗಂಟಲಿನಿಂದಲೋ ಎಂದು ತಿಳಿಯದು. ಅದು ಮೋಸ, ಸ್ವಲ್ಪ ಜಾಣ ಕೇಳುಗ ಹಿಡಿದುಬಿಡುತ್ತಾನೆ.

ಗತ್ತು, ದೂರ, ಮೆತ್ತಗೆ ಎಂದು ನಾನೂ ಭಾವದ ಮಾತನ್ನೇ ಆಡಿದೆನಲ್ಲ ಎನ್ನಬಹುದು. ಆಡಿದ್ದೇನೆ, ಆದರೆ ಸ್ವರ ಕೇಳಿಸಿದ ಮೇಲೆ, ಒಂದಕ್ಕೆ ಇನ್ನೊಂದನ್ನು ಹೋಲಿಸಿ. ತೀವ್ರ ಮ ದಲ್ಲಿ ಗತ್ತಿದೆ ಎಂದು ಶಾಸ್ತ್ರ ಹೇಳಿಲ್ಲ, ಅದು ನನ್ನ ಕಿವಿಯ ಮಾತು. ನಿಮಗೆ ಅದು ಬಿಗಿ ಎನಿಸಬಹುದು, ಹಂಬಲ ಎನಿಸಬಹುದು. ನಿಮ್ಮ ಮಾತೇ ಹಾಕಿ. ಎರಡರ ನಡುವೆ ಅಂತರ ಇದೆ ಎನ್ನುವುದು ಕೇಳುಗನಿಗೆ ಆಗಲೇ ಗೊತ್ತಾಗಿರುತ್ತದೆ, ಆದ್ದರಿಂದ ನಿಮ್ಮ ಮಾತನ್ನು ಅವನು ಒಪ್ಪಲೂಬಹುದು ಬಿಡಲೂಬಹುದು. ಏನೂ ಕೇಳಿಸದೆ ಮೊದಲೇ ‘ಇದು ಭಕ್ತಿ ರಸ’ ಎಂದರೆ ಅವನಿಗೆ ಆ ಅವಕಾಶವಿಲ್ಲ.

ರಾಗದ ಹೆಸರು ಕೊನೆಗೆ ಬಂದದ್ದೂ ಬೇಕೆಂದೇ. ಹೊಸಬರು ಹೆಸರು ಕೇಳಿದ ಕೂಡಲೇ ‘ಇದು ನಮಗಲ್ಲ’ ಎಂದು ಮುಂದಿನ ವೀಡಿಯೊಗೆ ಬೆರಳು ಸರಿಸುತ್ತಾರೆ. ಸ್ವರ ಮೊದಲು ಕಿವಿಗೆ ಬಿದ್ದರೆ, ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಕೊನೆಯ ವಾಕ್ಯ ಅವರಿಗೊಂದು ಕೆಲಸ ಕೊಡುತ್ತದೆ. ಹಾಡು ಮುಗಿಯುವವರೆಗೆ ಅವರು ಆ ಸ್ವರಕ್ಕಾಗಿ ಕಾಯಬೇಕು.

ಇನ್ನು ಕೈಕೊಡುವ ಜಾಗಗಳು. ದೊಡ್ಡದು ಶುದ್ಧ ಮ ವೇ. ತೀವ್ರ ಮ ಹಾಡಿ ಮುಗಿಸಿದ ಕಿವಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಎರಡನೇ ಸಲ ಮಧ್ಯಮ ಪೂರ್ತಿ ಕೆಳಗಿಳಿಯದೆ ನಡುವೆಲ್ಲೋ ನಿಲ್ಲುತ್ತದೆ. ಹಾಡುವವರಿಗೆ ಇದು ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಎರಡೂ ಮಧ್ಯಮಗಳಿಂದ ಪಂಚಮಕ್ಕೆ ಹೋಗಿ ನೋಡಿ. ತೀವ್ರ ಮ ದಿಂದ ಪಂಚಮ ಪಕ್ಕದ ಮನೆ, ಅರ್ಧ ಹೆಜ್ಜೆ. ಶುದ್ಧ ಮ ದಿಂದ ಪಂಚಮಕ್ಕೆ ಒಂದು ಪೂರ್ತಿ ಹೆಜ್ಜೆ, ನಡುವೆ ಒಂದು ಮನೆ ಖಾಲಿ ಉಳಿಯಬೇಕು. ಶುದ್ಧ ಮ ದಿಂದ ಪಂಚಮಕ್ಕೆ ಹೋಗುವಾಗ ದನಿಗೆ ಏರಿದ ಅನುಭವವೇ ಆಗದಿದ್ದರೆ ನಿಮ್ಮ ಮಧ್ಯಮ ಮೇಲೆ ನಿಂತಿದೆ ಎಂದರ್ಥ. ಅಭ್ಯಾಸಕ್ಕೆ ಎರಡನೆಯದನ್ನೇ ಮೊದಲು ಹಾಡಿ ಗಟ್ಟಿ ಮಾಡಿಕೊಳ್ಳಿ, ರೆಕಾರ್ಡ್ ಮಾಡುವಾಗ ಕ್ರಮ ತಿರುಗಿಸಿ. ಹಾರ್ಮೋನಿಯಂ ಹಿಡಿದು ಸ್ವರ ಪರೀಕ್ಷಿಸಿ, ಆದರೆ ರೆಕಾರ್ಡಿನಲ್ಲಿ ಗಂಟಲೊಂದೇ ಇರಲಿ. ಕೀಬೋರ್ಡ್ ಒತ್ತಿದರೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಗಾಂಧಾರದಿಂದ ಶುದ್ಧ ಮ ಕ್ಕೆ ಜಾರಿ ಮರಳುವುದು ಗಂಟಲಿಗೆ ಬರುವಂತೆ ಕೀಗೆ ಬರುವುದಿಲ್ಲ, ಈ ರಾಗದ ಜೀವ ಇರುವುದು ಆ ಜಾರಿನಲ್ಲಿ.

ಶ್ರುತಿಯ ವಿಷಯ. ಪರಿಚಯದ ತಂಬೂರಿ ಒಂದು ಷಡ್ಜದಲ್ಲಿ, ಹಿಂದೆ ಬರುವ ಕರೋಕೆ ಟ್ರ್ಯಾಕ್ ಇನ್ನೊಂದರಲ್ಲಿ ಇದ್ದರೆ ನೀವು ಕೇಳಿಸಿದ್ದೆಲ್ಲ ನೀರಿಗೆ ಹೋಯಿತು. ಕೇಳುಗ ನೆನಪಿಟ್ಟುಕೊಂಡಿದ್ದ ಮಧ್ಯಮ ಹಾಡಿನಲ್ಲಿ ಬೇರೆ ಎತ್ತರದಲ್ಲಿ ಬರುತ್ತದೆ, ಅವನು ಗುರುತಿಸಲಾರ. ಮೊದಲು ಟ್ರ್ಯಾಕಿನ ಷಡ್ಜ ಕಂಡುಹಿಡಿದು, ತಂಬೂರಿ ಆ್ಯಪನ್ನು ಅಲ್ಲಿಗೇ ಕೂರಿಸಿ. ಗಿಟಾರ್ ಹಿಡಿಯುವ ಗೆಳೆಯರು ಜೊತೆಗಿದ್ದರೆ, ಶುದ್ಧ ಮ ಬರುವ ಜಾಗದಲ್ಲಿ ತಂತಿ ಮೀಟದೆ ಸುಮ್ಮನಿರಲು ಹೇಳಿ. ಜನಕ್ಕೆ ತೋರಿಸುತ್ತೇವೆಂದು ಮಾತು ಕೊಟ್ಟ ಸ್ವರವನ್ನು ಕಾರ್ಡ್ ಹೊಡೆದು ಮುಚ್ಚುವುದನ್ನು ನಾನು ಬಹಳ ಕೇಳಿದ್ದೇನೆ.

ಕೇಳುವವರ ಕೈಯಲ್ಲಿರುವುದು ಫೋನಿನ ಪುಟ್ಟ ಸ್ಪೀಕರ್ ಎನ್ನುವುದೂ ನೆನಪಿರಲಿ. ಅದರಲ್ಲಿ ಕೆಳಗಿನ ಸ್ವರ ಹೆಚ್ಚುಕಮ್ಮಿ ಕೇಳುವುದೇ ಇಲ್ಲ. ಕಪ್ಪು ಒಂದರಲ್ಲಿ ಹಾಡುವ ಗಂಡುಹುಡುಗರ ತಂಬೂರಿ ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೇಳಿದರೂ ಫೋನಿನಲ್ಲಿ ಬರೀ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಅದಕ್ಕೆ ಮೇಲಿನ ಷಡ್ಜವನ್ನೂ ಸೇರಿಸಿ. ರೆಕಾರ್ಡ್ ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಫೋನನ್ನು ಒಂದು ಮಾರು ದೂರ ಇಟ್ಟು ಕೇಳಿ. ಮಾತು ಜೋರು, ಸ್ವರ ಸಣ್ಣ ಎನಿಸಿದರೆ ಮಾತನ್ನು ತಗ್ಗಿಸಿ. ಮಾತು ಯಾವಾಗಲೂ ಜೋರಾಗಿ ಬರುತ್ತದೆ, ಯಾಕೆಂದರೆ ನೀವು ಮಾತಾಡುವಾಗ ಫೋನಿಗೆ ಮುಖ ಹತ್ತಿರ ತರುತ್ತೀರಿ, ಹಾಡುವಾಗ ಹಿಂದೆ ಹೋಗುತ್ತೀರಿ. ಇನ್ನು ನಮ್ಮ ಕಡೆಯದೇ ಒಂದು ಫಜೀತಿ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಯಂತ್ರ, ಭತ್ತಕ್ಕೆ ಬಂದರೆ ಕಟಾವು ಯಂತ್ರ. ಅವು ಒಂದೇ ಎತ್ತರದಲ್ಲಿ ಗುಂಯ್ ಎಂದು ಹಿಡಿದು ನಿಲ್ಲುತ್ತವೆ, ಗೊತ್ತಿಲ್ಲದೆ ನಿಮ್ಮ ಷಡ್ಜ ಅದರ ಕಡೆ ವಾಲುತ್ತದೆ. ರಾತ್ರಿ ಊಟವಾದ ಮೇಲೆ ಹಾಡುವುದು ಮೇಲು.

ಪಠ್ಯ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಸಂಗೀತ ಕಲಿತವರನ್ನು ಕೇಳಬೇಡಿ. ಅವರು ಮೇಳದ ಸಂಖ್ಯೆ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆಯುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಕೂರಿಸಿ, ಇಲ್ಲವೇ ಕ್ರಿಕೆಟ್ ಬಿಟ್ಟರೆ ಬೇರೇನೂ ಬೇಡದ ತಮ್ಮನನ್ನು. ಮೂವತ್ತು ಸೆಕೆಂಡು ಕೇಳಿಸಿ, ಹಾಡು ಹಾಕಿ, ‘ಆ ಮೆತ್ತನೆ ಸ್ವರ ಬಂದಾಗ ಕೈ ಎತ್ತು’ ಎಂದಷ್ಟೇ ಹೇಳಿ. ಹಾಡಿನಲ್ಲಿ ಒಂದೇ ಒಂದು ಕಡೆ ಅವರು ಸರಿಯಾಗಿ ಕೈ ಎತ್ತಿದರೂ ಪಠ್ಯ ಗೆದ್ದಿತು. ಎಲ್ಲೂ ಎತ್ತದಿದ್ದರೆ ಮಾತು ತಿದ್ದಬೇಡಿ, ಮೊದಲು ಹಾಡಿ ತೋರಿಸಿದ್ದನ್ನು ನಿಧಾನ ಮಾಡಿ. ಬಹಳಷ್ಟು ಸಲ ಮಧ್ಯಮದ ಮೇಲೆ ಅರ್ಧ ಸೆಕೆಂಡು ಹೆಚ್ಚು ನಿಂತರೆ ಸಾಕಾಗುತ್ತದೆ. ‘ಚೆನ್ನಾಗಿದೆಯಾ’ ಎಂದು ಮಾತ್ರ ಕೇಳಬೇಡಿ. ಮನೆಯವರು ಚೆನ್ನಾಗಿಲ್ಲ ಎನ್ನುವುದಿಲ್ಲ.

ಈ ಉಪಾಯ ಎಲ್ಲ ರಾಗಕ್ಕೂ ಒಗ್ಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಸ್ವರ ಬದಲಿಸಿ ವ್ಯತ್ಯಾಸ ತೋರಿಸಬಹುದಾದದ್ದು ಸ್ವರದಲ್ಲೇ ಗುಟ್ಟು ಇರುವ ರಾಗಗಳಿಗೆ. ಕೆಲವು ರಾಗಗಳ ಗುಟ್ಟು ಸ್ವರದ ಎತ್ತರದಲ್ಲಿಲ್ಲ, ಅದನ್ನು ತೂಗುವ ರೀತಿಯಲ್ಲಿದೆ. ಕರ್ನಾಟಕ ಸಂಗೀತದ ತೋಡಿಯ ಗಾಂಧಾರವನ್ನು ತೂಗದೆ ನೆಟ್ಟಗೆ ಹಿಡಿದರೆ ಅದು ತೋಡಿಯಾಗಿ ಉಳಿಯುವುದಿಲ್ಲ. ಅಂಥ ಕಡೆ ಒಂದು ಸಲ ನೆಟ್ಟಗೆ, ಒಂದು ಸಲ ಗಮಕದ ಜೊತೆ ಹಾಡಿ ತೋರಿಸಿ. ಗಮಕ ಗಂಟಲಿಗೆ ಇನ್ನೂ ಕೂತಿಲ್ಲವಾದರೆ ಆ ರಾಗದ ಪರಿಚಯವನ್ನು ಈಗ ಹೇಳಬೇಡಿ. ಹಾಡಿ, ಸಾಕು.

ಹೆಸರಿನ ಗೊಂದಲವೂ ಒಂದಿದೆ. ನಮ್ಮ ಸೀಮೆಯವರಿಗೆ ಇದು ಬೇರೆಯವರಿಗಿಂತ ಹೆಚ್ಚು, ಯಾಕೆಂದರೆ ಇತ್ತ ಕರ್ನಾಟಕ ಸಂಗೀತ, ಅತ್ತ ಹಿಂದೂಸ್ತಾನಿ, ಎರಡರ ನಡುವೆ ಕೂತಿದ್ದೇವೆ. ಪಕ್ಕದ ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಬರೆದ ‘ಹಂಸಗೀತೆ’ ಕಾದಂಬರಿಯ ನಾಯಕ ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಚಿತ್ರ ಮಾಡಿದರು, ಅದಕ್ಕೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಭೈರವಿ ಕರ್ನಾಟಕ ಸಂಗೀತದ ಭೈರವಿ. ನಮ್ಮ ಭಜನೆ ತಂಡಗಳು ಕೊನೆಗೆ ಹಾಡಿ ಮಂಗಳ ಮಾಡುವ ಭೈರವಿ ಹಿಂದೂಸ್ತಾನಿಯದು. ಎರಡೂ ಬೇರೆ ರಾಗ, ಹೆಸರು ಮಾತ್ರ ಒಂದು. ಕರ್ನಾಟಕ ಭೈರವಿಯ ಗುಟ್ಟು ಎರಡು ಧೈವತಗಳಲ್ಲಿದೆ, ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಹಿಂದೂಸ್ತಾನಿ ಭೈರವಿಯ ಚಹರೆ ಷಡ್ಜಕ್ಕೆ ತಾಗಿಕೊಂಡಿರುವ ಕೋಮಲ ರಿಷಭದಿಂದಲೇ ಶುರುವಾಗುತ್ತದೆ. ಒಂದರ ಪರಿಚಯವನ್ನು ಇನ್ನೊಂದರ ಹಾಡಿಗೆ ಅಂಟಿಸಿದ್ದನ್ನು ಈ ವರ್ಷವೇ ಹಲವು ಕಡೆ ಕೇಳಿದೆ. ಪುಸ್ತಕ ನೋಡಿ ಬರೆಯುವವರಿಗೆ ಇದು ತಪ್ಪಿದ್ದಲ್ಲ, ಹಾಡಿ ನೋಡಿ ಬರೆಯುವವರಿಗೆ ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಶ್ರಾವಣದ ಭಜನೆಯಲ್ಲಿ ಭೈರವಿ ಹಾಡುವವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಆ ಹಾಡಿಗೊಂದು ಮೂವತ್ತು ಸೆಕೆಂಡಿನ ಮಾತು ಬರೆಯಿರಿ. ಸ ರಿ ಸ ಎನ್ನುವ ಮೂರೇ ಸ್ವರವನ್ನು ಒಮ್ಮೆ ಶುದ್ಧ ರಿಷಭ ಇಟ್ಟು, ಒಮ್ಮೆ ಕೋಮಲ ರಿಷಭ ಇಟ್ಟು ಹಾಡಿ. ನಡುವೆ ನಿಮ್ಮ ಸ್ವಂತದ ನಾಲ್ಕು ಮಾತು ಹಾಕಿ. ರಸದ ಹೆಸರು, ಮೇಳದ ಸಂಖ್ಯೆ, ಹಾಡುವ ಹೊತ್ತು ಮೂರನ್ನೂ ಬಿಡಿ. ಮೊದಲು ಅಜ್ಜಿಗೆ ಕೇಳಿಸಿ, ಅವರು ಕೈ ಎತ್ತಿದ ಮೇಲೆ ಊರಿಗೆ ಕೇಳಿಸಿ.

ಇಂತಿ,
ನಿಮ್ಮ ಹಾಡು ಕೇಳುವ
ಕತ್ತಲಗೆರೆಯ ಹಾರ್ಮೋನಿಯಂ ಮೇಷ್ಟ್ರು